ಟಿಡಿಎಸ್ ಪ್ರಮಾಣಪತ್ರ ಮತ್ತು ಕಡಿತದ ತಾಳೆ

ಸ್ವತಂತ್ರವಾಗಿ ಕೆಲಸ ಮಾಡುವವರ ಬಿಲ್ಲಿನಿಂದ ಗ್ರಾಹಕ ಸಂಸ್ಥೆ ಮುಂಗಡವಾಗಿ ಹಿಡಿದುಕೊಳ್ಳುವ ಆದಾಯ ತೆರಿಗೆಯೇ ಟಿಡಿಎಸ್, ಅಂದರೆ ಮೂಲದಲ್ಲಿ ತೆರಿಗೆ ಕಡಿತ. ಹಿಡಿದ ಹಣ ಸರ್ಕಾರಕ್ಕೆ ಸಂದಿದೆ ಎಂದು ತೋರಿಸುವ ಪತ್ರ ನಮೂನೆ 16ಎ. ತನ್ನ ಬಿಲ್ಲು, ಬ್ಯಾಂಕಿಗೆ ಬಂದ ಹಣ ಮತ್ತು ಇಲಾಖೆಯ 26ಎಎಸ್ ಪಟ್ಟಿ, ಈ ಮೂರನ್ನೂ ಎದುರುಬದುರು ಇಟ್ಟು ನೋಡುವುದಕ್ಕೆ ತಾಳೆ ಎನ್ನುತ್ತಾರೆ. ಇಲ್ಲಿ ಕೊಟ್ಟಿರುವ ಕಲಂ, ನಿಯಮ ಮತ್ತು ನಮೂನೆ ಸಂಖ್ಯೆಗಳು 1961ರ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಅದರ ಜಾಗಕ್ಕೆ 2025ರ ಆದಾಯ ತೆರಿಗೆ ಕಾಯ್ದೆ ಬಂದು ಸಂಖ್ಯೆಗಳು ಬದಲಾಗಿವೆ, ತಾಳೆಯ ಕ್ರಮ ಬದಲಾಗಿಲ್ಲ.

ತೀರ್ಥಹಳ್ಳಿ, ಹೊಸನಗರ, ಸಾಗರದಂಥ ಊರುಗಳಲ್ಲಿ ಕುಳಿತು ಅನುವಾದ, ಪುಟವಿನ್ಯಾಸ, ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಕಡಿತದ ಅನುಭವ ಹೆಚ್ಚಾಗಿ ಹೊರಗಿನ ಗ್ರಾಹಕರಿಂದಲೇ ಆಗುತ್ತದೆ. ಊರಿನ ಸಣ್ಣ ಅಂಗಡಿಯವರು ಅಥವಾ ತೋಟದವರು ಹಣ ಕೊಡುವಾಗ ತೆರಿಗೆ ಹಿಡಿಯಬೇಕಾಗಿಲ್ಲ. ವ್ಯಾಪಾರದ ವಹಿವಾಟು ಹಿಂದಿನ ವರ್ಷ 1 ಕೋಟಿ ರೂಪಾಯಿ ದಾಟಿದ್ದರೆ ಮಾತ್ರ ಒಬ್ಬ ವ್ಯಕ್ತಿಗೆ ಆ ಹೊಣೆ ಬೀಳುತ್ತದೆ. ಕಂಪನಿ, ಪಾಲುದಾರಿಕೆ ಸಂಸ್ಥೆ, ಟ್ರಸ್ಟ್, ಸಹಕಾರ ಸಂಘಗಳಿಗೆ ಈ ವಿನಾಯಿತಿ ಇಲ್ಲ. ಹಾಗಾಗಿ ಊರಿನ ಅಡಿಕೆ ಬೆಳೆಗಾರರ ಸಂಘಕ್ಕೆ ಒಂದು ವರದಿ ಬರೆದುಕೊಟ್ಟರೂ, ಮಿತಿ ದಾಟಿದಾಗ ಕಡಿತ ಆಗಬೇಕಾದದ್ದೇ.

ವೃತ್ತಿ ಶುಲ್ಕಕ್ಕೆ ಕಲಂ 194ಜೆ ಪ್ರಕಾರ ಶೇ. 10 ಹಿಡಿಯುತ್ತಾರೆ. ಒಬ್ಬ ಗ್ರಾಹಕನಿಂದ ವರ್ಷಕ್ಕೆ ಬರುವ ಶುಲ್ಕ 30,000 ರೂಪಾಯಿ ದಾಟಿದರೆ ಕಡಿತ ಎಂದಿದ್ದ ಮಿತಿ, 2025ರ ಏಪ್ರಿಲ್‌ನಿಂದ 50,000 ಆಯಿತು. ಪ್ಯಾನ್ ಕೊಡದಿದ್ದರೆ ದರ ಶೇ. 20ಕ್ಕೆ ಏರುತ್ತದೆ.

ಹಿಡಿದದ್ದು ಕೆಲಸ ಮಾಡಿದವರ ಹೆಸರಿಗೆ ಸೇರಬೇಕಾದರೆ ಗ್ರಾಹಕ ಎರಡು ಕೆಲಸ ಮುಗಿಸಬೇಕು. ಮೊದಲನೆಯದು ಹಣ ಕಟ್ಟುವುದು. ಅದಕ್ಕೆ ಮುಂದಿನ ತಿಂಗಳ 7ರವರೆಗೆ, ಮಾರ್ಚ್ ಕಡಿತಕ್ಕಾದರೆ ಏಪ್ರಿಲ್ 30ರವರೆಗೆ ಗಡುವು. ಎರಡನೆಯದು 26ಕ್ಯೂ ಎಂಬ ತ್ರೈಮಾಸಿಕ ವಿವರಪಟ್ಟಿ ಸಲ್ಲಿಸುವುದು. ಕಟ್ಟಿದ ಮೊತ್ತದಲ್ಲಿ ಯಾರ ಪಾಲು ಎಷ್ಟು ಎಂದು ಪ್ಯಾನ್ ಸಮೇತ ಹೇಳುವುದು ಈ ಪಟ್ಟಿಯೇ. ಜುಲೈ 31, ಅಕ್ಟೋಬರ್ 31, ಜನವರಿ 31 ಮತ್ತು ಮೇ 31 ಇದರ ಗಡುವುಗಳು. ಅಲ್ಲಿಂದ 15 ದಿನದೊಳಗೆ ನಮೂನೆ 16ಎ ಕೈಗೆ ಬರಬೇಕು. 'ಚಲನ್ ಕಟ್ಟಿದ್ದೇವೆ, ನೋಡಿ' ಎಂದು ಅಕೌಂಟ್ಸ್‌ನವರು ರಸೀದಿ ಕಳಿಸಿದಾಗ ಸಮಾಧಾನ ಆಗುವುದು ಸಹಜ. ಆದರೆ ಚಲನ್ ಹೇಳುವುದು ಗ್ರಾಹಕ ಹಣ ಕಟ್ಟಿದನೆಂದು ಮಾತ್ರ. ಅದರಲ್ಲಿ ನಿಮ್ಮ ಹೆಸರೇ ಇರುವುದಿಲ್ಲ.

ಒಂದು ಕಲ್ಪಿತ ಉದಾಹರಣೆ ನೋಡಬಹುದು. ತೀರ್ಥಹಳ್ಳಿಯ ಅನುವಾದಕಿಯೊಬ್ಬರು 2024-25ರಲ್ಲಿ ಬೆಂಗಳೂರಿನ ಒಂದು ಕಂಪನಿಗೆ ನಾಲ್ಕು ಬಿಲ್ಲು ಕೊಟ್ಟರು: ಜೂನ್‌ನಲ್ಲಿ 40,000, ಸೆಪ್ಟೆಂಬರ್‌ನಲ್ಲಿ 30,000, ಡಿಸೆಂಬರ್‌ನಲ್ಲಿ 50,000, ಮಾರ್ಚ್‌ನಲ್ಲಿ 60,000. ಒಟ್ಟು 1,80,000 ರೂಪಾಯಿ. ಬ್ಯಾಂಕಿಗೆ ಬಂದದ್ದು 1,62,000, ಕಡಿತ 18,000. ಇದರಲ್ಲಿ ಮಾರ್ಚ್ ಬಿಲ್ಲಿನ 54,000 ಜಮೆ ಆದದ್ದು ಏಪ್ರಿಲ್ 22ಕ್ಕೆ.

ರಿಟರ್ನ್ ಸಲ್ಲಿಸುವ ಮುಂಚೆ ಅವರು 26ಎಎಸ್ ತೆರೆದರು. ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ ಅಲ್ಲಿಂದ ಟ್ರೇಸಸ್ ತಾಣಕ್ಕೆ (www.tdscpc.gov.in) ಹೋದರೆ ಇದು ಸಿಗುತ್ತದೆ. ಪಟ್ಟಿಯಲ್ಲಿ ಇದ್ದದ್ದು 4,000, 3,000 ಮತ್ತು 6,000, ಒಟ್ಟು 13,000 ಮಾತ್ರ. ಡಿಸೆಂಬರ್‌ನ 5,000 ಕಾಣಲಿಲ್ಲ. ಮಾರ್ಚ್‌ನ 6,000ದ ಎದುರು 31-03-2025 ಎಂಬ ತಾರೀಕಿತ್ತು.

ಈ ಎರಡರಲ್ಲಿ ನಿಜವಾದ ತಪ್ಪು ಒಂದೇ, ಮಾರ್ಚ್‌ನ ತಾರೀಕು ತಪ್ಪಲ್ಲ. ಹಣ ಕೊಟ್ಟ ದಿನ ಮತ್ತು ಲೆಕ್ಕದ ಪುಸ್ತಕದಲ್ಲಿ ನಮ್ಮ ಹೆಸರಿಗೆ ಜಮಾ ಬರೆದ ದಿನ, ಯಾವುದು ಮೊದಲೋ ಆ ದಿನವೇ ಕಡಿತ ಆಗಬೇಕೆಂಬುದು ನಿಯಮ. ಕಂಪನಿ ಮಾರ್ಚ್‌ನಲ್ಲೇ ಜಮಾ ಬರೆದಿದೆ, ಅಷ್ಟೆ. ಈ ಅನುವಾದಕಿ ಬಿಲ್ಲಿನ ದಿನಾಂಕದ ಮೇಲೆ ಲೆಕ್ಕ ಇಡುವವರಾದ್ದರಿಂದ ಅದು ಸರಿಹೊಂದುತ್ತದೆ. ಹಣ ಕೈಗೆ ಬಂದಾಗ ಆದಾಯ ಎಣಿಸುವವರು ಆ 6,000ವನ್ನು ರಿಟರ್ನ್‌ನಲ್ಲಿ ಮುಂದಿನ ವರ್ಷಕ್ಕೆ ಒಯ್ಯಬೇಕು. ಯಾವ ವರ್ಷ ಆದಾಯವೋ ಅದೇ ವರ್ಷ ಅದರ ಟಿಡಿಎಸ್ ಎಂದು ನಿಯಮ 37ಬಿಎ ಹೇಳುತ್ತದೆ. ತಾಳೆಯಲ್ಲಿ ಕಾಣುವ ಎಷ್ಟೋ ವ್ಯತ್ಯಾಸಗಳು ಹೀಗೆ ತಾರೀಕಿನವೇ. ಅವನ್ನು ಬೇರೆ ತೆಗೆದಿಟ್ಟ ಮೇಲೆಯೇ ಗ್ರಾಹಕನಿಗೆ ಬರೆಯುವುದು ಒಳ್ಳೆಯದು.

ಡಿಸೆಂಬರ್‌ನ 5,000 ನಿಜವಾದ ಕೊರತೆ. ಅದಕ್ಕೆ ಮೂರು ಕಾರಣ ಇರಬಹುದು: ಹಣ ಕಟ್ಟಿಲ್ಲ, 26ಕ್ಯೂ ಸಲ್ಲಿಸಿಲ್ಲ ಅಥವಾ ಪ್ಯಾನ್ ತಪ್ಪಾಗಿ ಟೈಪಾಗಿದೆ. ಸಾಲು ಇದ್ದೂ ಅದರ ಎದುರು F ಬದಲು U ಎಂದಿದ್ದರೆ, ಪಟ್ಟಿಯಲ್ಲಿ ಬರೆದ ಚಲನ್ ಬ್ಯಾಂಕಿನ ಲೆಕ್ಕಕ್ಕೆ ಹೊಂದಿಲ್ಲ ಎಂದರ್ಥ. ಸಾಲೇ ಇಲ್ಲದಾಗ ಕಾರಣ ಹೊರಗಿನಿಂದ ತಿಳಿಯುವುದಿಲ್ಲ, ಕೇಳಲೇಬೇಕು. ಶಿವಮೊಗ್ಗಕ್ಕೆ ಬಸ್ಸು ಹತ್ತಿ ಇಲಾಖೆಯ ಕಚೇರಿಗೆ ಹೋದರೂ 26ಕ್ಯೂ ತಿದ್ದಲು ಬರುವುದಿಲ್ಲ. ಅದನ್ನು ತಿದ್ದಬಲ್ಲವನು ಸಲ್ಲಿಸಿದ ಗ್ರಾಹಕನೊಬ್ಬನೇ.

'ಟಿಡಿಎಸ್ ಸರ್ಟಿಫಿಕೇಟ್ ಕಳಿಸಿ ಸಾರ್' ಎಂಬ ಒಂದು ಸಾಲಿನ ವಾಟ್ಸ್ಯಾಪ್ ಸಂದೇಶಕ್ಕೆ ಉತ್ತರ ಬಾರದಿರುವುದೇ ಹೆಚ್ಚು. ಅಕೌಂಟ್ಸ್‌ನವರು ಹುಡುಕಬೇಕಾದ ಜಾಗವನ್ನೇ ತೋರಿಸುವ ಇಮೇಲ್ ಹೀಗಿರಬಹುದು:

'ಮಾನ್ಯರೇ, ಡಿಸೆಂಬರ್ 2024ರ ನನ್ನ ಬಿಲ್ಲು 50,000 ರೂಪಾಯಿ. ನೀವು 5,000 ಟಿಡಿಎಸ್ ಹಿಡಿದು 45,000 ಜಮೆ ಮಾಡಿದ್ದೀರಿ. ಮೂರನೇ ತ್ರೈಮಾಸಿಕದ ಈ ಕಡಿತ ನನ್ನ 26ಎಎಸ್‌ನಲ್ಲಿ ಕಾಣುತ್ತಿಲ್ಲ. 26ಕ್ಯೂನಲ್ಲಿ ನನ್ನ ಪ್ಯಾನ್ ಏನೆಂದು ನಮೂದಾಗಿದೆ ನೋಡಿ, ತಪ್ಪಿದ್ದರೆ ತಿದ್ದುಪಡಿ ಪಟ್ಟಿ ಸಲ್ಲಿಸಿ, ಟ್ರೇಸಸ್‌ನಿಂದ ಇಳಿಸಿದ ನಮೂನೆ 16ಎ ಕಳಿಸಬೇಕಾಗಿ ವಿನಂತಿ. ಬಿಲ್ಲು, ಬ್ಯಾಂಕ್ ವಿವರ ಮತ್ತು ಪ್ಯಾನ್ ಪ್ರತಿ ಲಗತ್ತಿಸಿದ್ದೇನೆ.'

'ಟ್ರೇಸಸ್‌ನಿಂದ ಇಳಿಸಿದ' ಎಂಬ ಮಾತು ಅಲ್ಲಿ ಇರಬೇಕಾದದ್ದೇ. 2012ರ ಏಪ್ರಿಲ್ 1ರಿಂದೀಚಿನ ಕಡಿತಗಳಿಗೆ ಇಲಾಖೆಯ ತಾಣದಲ್ಲಿ ತಯಾರಾದ 16ಎ ಮಾತ್ರ ಸಿಂಧು, ಎಕ್ಸೆಲ್‌ನಲ್ಲಿ ಮಾಡಿ ಸೀಲು ಹಾಕಿದ್ದು ನಡೆಯದು. ಅಸಲಿ ಪತ್ರದಲ್ಲಿ ಪ್ರಮಾಣಪತ್ರ ಸಂಖ್ಯೆ ಇರುತ್ತದೆ. ಆ ಸಂಖ್ಯೆ ಮತ್ತು ಗ್ರಾಹಕನ ಟ್ಯಾನ್ ಕೊಟ್ಟು ಟ್ರೇಸಸ್‌ನಲ್ಲೇ ಪರೀಕ್ಷಿಸಬಹುದು. ಬೆಂಗಳೂರಿನ ಟ್ಯಾನ್‌ಗಳು BLR ಎಂದು ಶುರುವಾಗುತ್ತವೆ. ಇಮೇಲ್‌ಗೆ ಉತ್ತರವೇ ಇಲ್ಲವಾದರೆ, ಪ್ರಮಾಣಪತ್ರ ತಡಮಾಡಿದ್ದಕ್ಕೆ ಕಲಂ 272ಎ ಅಡಿ ದಿನಕ್ಕೆ 500 ರೂಪಾಯಿಯಂತೆ, ಆದರೆ ಕಡಿತದ ಮೊತ್ತ ಮೀರದಂತೆ, ದಂಡ ಬೀಳಬಹುದು ಎಂದು ಎರಡನೆಯ ಪತ್ರದಲ್ಲಿ ಮರ್ಯಾದೆಯಿಂದಲೇ ನೆನಪಿಸಬಹುದು.

ಇಷ್ಟಾಗಿಯೂ ಗ್ರಾಹಕ ಹಣ ಕಟ್ಟದೇ ಹೋದರೆ? ಹಿಡಿದುಕೊಂಡ ತೆರಿಗೆಯನ್ನು ಮತ್ತೆ ದುಡಿದವನಿಂದ ಕೇಳುವಂತಿಲ್ಲ ಎಂದು ಕಲಂ 205 ಹೇಳುತ್ತದೆ. ಬಾಡಿಗೆಯಲ್ಲಿ ತೆರಿಗೆ ಹಿಡಿದು ಕಟ್ಟದಿದ್ದ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಆದರೆ ಈ ರಕ್ಷಣೆ ಇರುವುದು ಬಾಕಿ ಕಟ್ಟು ಎಂದು ನೋಟಿಸು ಬಂದಾಗ. ನಮ್ಮ ಅನುವಾದಕಿಗೆ ಬೇರೆ ಆದಾಯವಿಲ್ಲದಿದ್ದರೆ 1,80,000ಕ್ಕೆ ತೆರಿಗೆಯೇ ಇಲ್ಲ. 18,000 ಪೂರ್ತಿ ಮರುಪಾವತಿ ಆಗಬೇಕಾದ ಹಣ. 26ಎಎಸ್‌ನಲ್ಲಿ ಇಲ್ಲದ 5,000ವನ್ನು ಇಲಾಖೆ ತಾನಾಗಿ ಮರಳಿಸುವುದಿಲ್ಲ. ಕಡಿಮೆ ದುಡಿಯುವವರಿಗೇ ತಾಳೆ ಹೆಚ್ಚು ಅಗತ್ಯವಾಗುವುದು ಇದರಿಂದ.

ಉತ್ತರ ಕಾಯುತ್ತಾ ರಿಟರ್ನ್‌ನ ಗಡುವು ಮೀರಬಾರದು. ಆದಾಯವನ್ನು ಬ್ಯಾಂಕಿಗೆ ಬಂದಷ್ಟಲ್ಲ, ಬಿಲ್ಲಿನ ಪೂರ್ತಿ 1,80,000 ಎಂದೇ ತೋರಿಸಬೇಕು, ಟಿಡಿಎಸ್ ಕೂಡ 18,000 ಎಂದೇ ಕೇಳಬೇಕು. ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರ ಸದ್ಯಕ್ಕೆ 13,000 ಒಪ್ಪಿ ಸೂಚನೆ ಕಳಿಸುತ್ತದೆ. ಗ್ರಾಹಕ ಪ್ಯಾನ್ ತಿದ್ದಿ 26ಎಎಸ್‌ಗೆ ಸಾಲು ಬಂದ ಮೇಲೆ, ಕಲಂ 154ರ ತಿದ್ದುಪಡಿ ಅರ್ಜಿಯನ್ನು ಪೋರ್ಟಲ್‌ನಲ್ಲೇ ಹಾಕಿದರೆ ಉಳಿದ 5,000 ಬರುತ್ತದೆ. ರಿಟರ್ನ್‌ನಲ್ಲಿ 13,000 ಮಾತ್ರ ಕೇಳಿದ್ದರೆ ಈ ದಾರಿ ಕಷ್ಟವಾಗುತ್ತದೆ.

ಗ್ರಾಹಕರು 26ಕ್ಯೂ ತಿದ್ದಲು ಮೊದಲು ಕಾಲಮಿತಿ ಇರಲಿಲ್ಲ. 2025ರ ಏಪ್ರಿಲ್‌ನಿಂದ ಆರು ವರ್ಷದ ಮಿತಿ ಬಂತು, ಹೊಸ ಕಾಯ್ದೆ ಅದನ್ನು ಎರಡು ವರ್ಷಕ್ಕೆ ಇಳಿಸಿದೆ. ಡಿಸೆಂಬರ್ 2024ರ ಆ ಬಿಲ್ಲಿಗೆ ಕೊನೆಯ ದಿನ 2027ರ ಮಾರ್ಚ್ 31.