ಗದ್ದಲದಲ್ಲೂ ಕೇಳಿಸುವ ಹನ್ನೊಂದು ಚೂರು

1985ರಲ್ಲಿ ಅಮೆರಿಕದ ಎಫ್‌ಸಿಸಿ ಒಂದು ವಿಚಿತ್ರ ಅನುಮತಿ ಕೊಟ್ಟಿತು. ಮೈಕ್ರೋವೇವ್ ಒಲೆಗಳು ಗದ್ದಲ ಮಾಡೋ 2.4 ಗಿಗಾಹರ್ಟ್ಸ್ ಸುತ್ತ ಲೈಸೆನ್ಸ್ ಇಲ್ಲದೆ ರೇಡಿಯೊ ಬಳಸಿ, ಆದರೆ ಸಿಗ್ನಲ್ಲನ್ನು ಅಗಲಕ್ಕೆ ಹರಡಿ ಅಂತ. 1997ರ ಮೊದಲ ವೈ-ಫೈ ಮಾನದಂಡದ ಒಂದು ವಿಧಾನ ಹೀಗಿತ್ತು: ಪ್ರತಿ ಬಿಟ್ಟನ್ನೂ 11 ಚಿಪ್‌ಗಳ ಬಾರ್ಕರ್ ಕೋಡ್‌ನಿಂದ ಗುಣಿಸೋದು.

ರಿಸೀವರ್ ಅದೇ ಕೋಡ್‌ನಿಂದ ಮತ್ತೆ ಗುಣಿಸಿದಾಗ ಬಿಟ್ ಒಟ್ಟುಗೂಡುತ್ತೆ. ಒಂದೇ ಕಂಪನಾಂಕದಲ್ಲಿ ಕೂತ ಅಡ್ಡಿ ಮಾತ್ರ ಅದೇ ಗುಣಾಕಾರದಲ್ಲಿ ಚದುರಿಹೋಗುತ್ತೆ. ಫಿಲ್ಟರ್ ದಾಟೋದು ಸುಮಾರು 11ರಲ್ಲಿ ಒಂದು ಪಾಲು. ಈ 11 ಪಟ್ಟೇ ಪ್ರೊಸೆಸಿಂಗ್ ಗೇನ್, ಅಂದರೆ 10.4 ಡೆಸಿಬೆಲ್. ಅಡ್ಡಿ ಸಿಗ್ನಲ್‌ನ 2 ಪಟ್ಟಿದ್ದರೆ ಉಳಿಯೋದು 0.18 ಪಟ್ಟು, ಬಿಟ್ ಬಚಾವ್. 50 ಪಟ್ಟಿದ್ದರೆ ನಾಲ್ಕೂವರೆ ಪಟ್ಟು ಉಳಿಯುತ್ತೆ, ಬಿಟ್ ಮುಳುಗುತ್ತೆ.