ಲಿಬೆರಿಕಾ ಮತ್ತು ಎಕ್ಸೆಲ್ಸಾ: ಒಂದೇ ಹೆಸರಿನಡಿ ಬೆರೆತುಹೋದ ಎರಡು ಕಾಫಿಗಳು

ಲಿಬೆರಿಕಾ ಪಶ್ಚಿಮ ಆಫ್ರಿಕದ ತಗ್ಗುಸೀಮೆಯ ಕಾಡುಗಳಿಂದ ಬಂದ ಕಾಫಿ. ಲೈಬೀರಿಯಾ ದೇಶದ ಹೆಸರೇ ಅದಕ್ಕೆ ನಿಂತಿತು. ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ವಿಲಿಯಂ ಫಿಲಿಪ್ ಹಿಯರ್ನ್ 1876ರಲ್ಲಿ ಅದನ್ನು ಶಾಸ್ತ್ರೀಯವಾಗಿ ವಿವರಿಸುವ ಹೊತ್ತಿಗೆ ಅದರ ಬೀಜ ಮತ್ತು ಸಸಿಗಳು ಲಂಡನ್ನಿನ ಸಸಿ ವ್ಯಾಪಾರಿ ವಿಲಿಯಂ ಬುಲ್ ಹಾಗೂ ಕ್ಯೂ ಸಸ್ಯೋದ್ಯಾನದ ಮೂಲಕ ಏಷ್ಯಾದ ಕಡೆಗೆ ಹಡಗು ಹತ್ತತೊಡಗಿದ್ದವು. ಈ ಅವಸರಕ್ಕೆ ಕಾರಣ ಎಲೆ ತುಕ್ಕು ರೋಗ. 1869ರಲ್ಲಿ ಸಿಲೋನಿನ ತೋಟಗಳಲ್ಲಿ ಕಾಣಿಸಿಕೊಂಡ ಈ ಶಿಲೀಂಧ್ರ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಾಗಿ ಹರಡುತ್ತದೆ. ರೋಗ ಬಲಿತಾಗ ಎಲೆ ಉದುರಿ ರೆಂಬೆ ಬೋಳಾಗುತ್ತದೆ, ಮರುವರ್ಷದ ಫಸಲು ಬೀಳುತ್ತದೆ. ಏಷ್ಯಾದಲ್ಲಿ ಆಗ ಬೆಳೆಯುತ್ತಿದ್ದದ್ದು ಅರೇಬಿಕಾ ಒಂದೇ. ಅದೂ ಬೆರಳೆಣಿಕೆಯ ಗಿಡಗಳಿಂದ ಹಬ್ಬಿದ ಸಂತಾನವಾದ್ದರಿಂದ ಒಂದು ಗಿಡಕ್ಕೆ ತಗುಲಿದ್ದು ಎಲ್ಲಕ್ಕೂ ತಗುಲಿತು.

ಲಿಬೆರಿಕಾದ ಎಲೆ ಅರೇಬಿಕಾದ್ದಕ್ಕಿಂತ ಬಹಳ ದೊಡ್ಡದು, ಚರ್ಮದಂತೆ ದಪ್ಪ. ಮೊದಲ ವರ್ಷಗಳಲ್ಲಿ ತುಕ್ಕು ಅದನ್ನು ಅಷ್ಟಾಗಿ ಬಾಧಿಸಲಿಲ್ಲ. ಅರೇಬಿಕಾ ತಂಪು ಬೇಡುವ ಗಿಡ. ಸಮಭಾಜಕದ ಹತ್ತಿರದ ನಾಡುಗಳಲ್ಲಿ ಅದು ಸಾಮಾನ್ಯವಾಗಿ 1000 ಮೀಟರಿಗಿಂತ ಮೇಲೆಯೇ ಚೆನ್ನಾಗಿ ಫಲ ಕೊಡುತ್ತದೆ. ಲಿಬೆರಿಕಾ ಕಡಲಮಟ್ಟಕ್ಕೆ ಸಮೀಪದ ಸೆಕೆಯಲ್ಲೂ ಬೆಳೆಯಬಲ್ಲದು. ಹೀಗೆ ರೋಗಕ್ಕೆ ಮದ್ದೂ ಬೆಟ್ಟವಿಲ್ಲದ ಊರಿಗೆ ಕಾಫಿಯೂ ಒಂದೇ ಮರದಲ್ಲಿ ಸಿಕ್ಕಂತಾಯಿತು. ಸಿಲೋನ್, ಜಾವಾ, ಮಲಯಾಗಳಲ್ಲಿ 1870ರ ದಶಕದಿಂದ ಅದರ ತೋಟಗಳೆದ್ದವು. ದಕ್ಷಿಣ ಭಾರತಕ್ಕೂ ಅದು ಬಂದಿತು.

ಗಿಡದ ಸ್ವಭಾವದಲ್ಲಿ ಅರೇಬಿಕಾ, ರೋಬಸ್ಟಾ, ಲಿಬೆರಿಕಾ, ಎಕ್ಸೆಲ್ಸಾ ಈ ನಾಲ್ಕೂ ಕಾಫಿಗಳು ಬೇರೆಬೇರೆ ದಾರಿ ಹಿಡಿದಿವೆ. ಅರೇಬಿಕಾ ಕೈಗೆಟಕುವ ಪೊದೆ. ತನ್ನ ಪಾಡಿಗೆ ಬಿಟ್ಟರೂ ಐದಾರು ಮೀಟರಿಗೆ ನಿಲ್ಲುತ್ತದೆ. ರೋಬಸ್ಟಾ ಅದಕ್ಕಿಂತ ಎತ್ತರ, ಎಲೆ ಅಗಲ, ಬೇರು ಮಾತ್ರ ಹೆಚ್ಚು ಆಳಕ್ಕಿಳಿಯುವುದಿಲ್ಲ. ಲಿಬೆರಿಕಾ ಮತ್ತು ಎಕ್ಸೆಲ್ಸಾಗಳನ್ನು ಗಿಡ ಎನ್ನುವುದಕ್ಕಿಂತ ಮರ ಎನ್ನುವುದೇ ಸರಿ. ಕತ್ತರಿಸದೆ ಬಿಟ್ಟರೆ 15 ಮೀಟರನ್ನೂ ದಾಟುತ್ತವೆ, ಹಣ್ಣು ಕೊಯ್ಯಲು ಏಣಿ ಬೇಕು. ಅರೇಬಿಕಾದ ಹೂವಿಗೆ ಸಾಮಾನ್ಯವಾಗಿ ಐದು ಎಸಳು. ಲಿಬೆರಿಕಾದ ಹೂವಿನಲ್ಲಿ ಆರೇಳು, ಕೆಲವೊಮ್ಮೆ ಇನ್ನೂ ಹೆಚ್ಚು. ಹೂವಿನಿಂದ ಹಣ್ಣಾಗಲು ಅರೇಬಿಕಾಗೆ ಎಂಟೊಂಬತ್ತು ತಿಂಗಳು, ರೋಬಸ್ಟಾಗೆ ಹತ್ತು ಹನ್ನೊಂದು, ಲಿಬೆರಿಕಾಗೆ ವರ್ಷ ಅಥವಾ ಅದಕ್ಕೂ ಮೇಲೆ. ಆದ್ದರಿಂದ ಮಳೆ ಹಂಚಿಬೀಳುವ ನಾಡಿನಲ್ಲಿ ಒಂದೇ ರೆಂಬೆಯಲ್ಲಿ ಹೂ, ಕಾಯಿ, ಹಣ್ಣು ಮೂರೂ ಒಟ್ಟಿಗೆ ಕಾಣುವುದುಂಟು. ವರ್ಷಕ್ಕೊಮ್ಮೆ ಆಳು ಕೂಡಿಸಿ ಕೊಯ್ಲು ಮುಗಿಸುವ ದೊಡ್ಡ ತೋಟಕ್ಕೆ ಇದು ತಲೆನೋವು. ಮನೆಯ ಹಿತ್ತಲಿನ ರೈತನಿಗೆ ಆಗಾಗ ಸಿಗುವ ಹಣ್ಣು.

ಇನ್ನೊಂದು ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ. ಅರೇಬಿಕಾದಲ್ಲಿ 44 ವರ್ಣತಂತುಗಳಿವೆ, ಉಳಿದ ಮೂರರಲ್ಲಿ 22. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಹಾಗಾಗಿ ಬೀಜದಿಂದ ಎಬ್ಬಿಸಿದ ಸಸಿ ಬಹುಮಟ್ಟಿಗೆ ತಾಯಿಯನ್ನೇ ಹೋಲುತ್ತದೆ. ರೋಬಸ್ಟಾ, ಲಿಬೆರಿಕಾ, ಎಕ್ಸೆಲ್ಸಾಗಳಿಗೆ ಬೇರೆ ಗಿಡದ ಪರಾಗವೇ ಬೇಕು. ಬೀಜ ಬಿತ್ತಿ ಮಾಡಿದ ಲಿಬೆರಿಕಾ ತೋಟದಲ್ಲಿ ಒಂದು ಮರದಂತೆ ಇನ್ನೊಂದಿರುವುದಿಲ್ಲ. ಹಣ್ಣಿನ ಗಾತ್ರ, ಸಿಪ್ಪೆಯ ದಪ್ಪ, ರುಚಿ ಎಲ್ಲವೂ ಮರದಿಂದ ಮರಕ್ಕೆ ಬದಲಾಗುತ್ತವೆ.

ಲಿಬೆರಿಕಾ ಸೋತದ್ದು ಹಣ್ಣಿನ ವಿಷಯದಲ್ಲಿ. ನೋಡಲು ಅದು ಭರ್ಜರಿ: ಅರೇಬಿಕಾ ಹಣ್ಣಿಗಿಂತ ಎಷ್ಟೋ ದಪ್ಪ, ತುದಿಯಲ್ಲಿ ಎದ್ದು ಕಾಣುವ ಬಿಲ್ಲೆಯಂಥ ಗುರುತು. ಆದರೆ ಆ ಗಾತ್ರದಲ್ಲಿ ಬಹುಪಾಲು ತಿರುಳು ಮತ್ತು ಸಿಪ್ಪೆ. ನೂರು ಕಿಲೋ ಅರೇಬಿಕಾ ಹಣ್ಣಿನಿಂದ ಸುಮಾರು 16ರಿಂದ 18 ಕಿಲೋ, ರೋಬಸ್ಟಾದಿಂದ 20 ಕಿಲೋ ಆಸುಪಾಸಿನ ಒಣಬೀಜ ಬರುತ್ತದೆ. ಲಿಬೆರಿಕಾದಲ್ಲಿ ಹತ್ತು ಕಿಲೋ ಸಿಕ್ಕಿದರೆ ಹೆಚ್ಚು. ಅಂದರೆ ಒಂದು ಮೂಟೆ ಬೀಜಕ್ಕೆ ಕೊಯ್ದು, ಹೊತ್ತು, ಒಣಗಿಸಬೇಕಾದ ಹಣ್ಣು ಹೆಚ್ಚುಕಡಿಮೆ ಇಮ್ಮಡಿ.

ಸಂಸ್ಕರಣೆಯಲ್ಲಿ ತೊಡಕು ಇನ್ನೂ ಬೆಳೆಯಿತು. ಅರೇಬಿಕಾ ಹಣ್ಣನ್ನು ಪಲ್ಪರಿಗೆ ಹಾಕಿದರೆ ಸಿಪ್ಪೆ ಜಾರಿ ಬೀಜ ಹೊರಬೀಳುತ್ತದೆ. ಮೇಲಿನ ಲೋಳೆಯನ್ನು ತೊಟ್ಟಿಯಲ್ಲಿ ಹುಳಿಯಿಸಿ ತೊಳೆದು ಪಾರ್ಚ್‌ಮೆಂಟ್ ಕಾಫಿಯನ್ನು ಕಣದಲ್ಲಿ ಹರಡುತ್ತಾರೆ. ಅರೇಬಿಕಾದ ಅಳತೆಗೆ ಮಾಡಿದ ಆ ಯಂತ್ರಗಳಲ್ಲಿ ಲಿಬೆರಿಕಾದ ಗಟ್ಟಿ ಸಿಪ್ಪೆ ಬಿಡದು. ಬಿಡಿಸಲು ಬಿಗಿ ಮಾಡಿದರೆ ಬೀಜ ಸೀಳುತ್ತದೆ. ಹೀಗಾಗಿ ಅನೇಕರು ಇಡೀ ಹಣ್ಣನ್ನೇ ಒಣಹಾಕಿದರು. ದಪ್ಪ ತಿರುಳಿನ, ಸಿಹಿ ಹೆಚ್ಚಿರುವ ಹಣ್ಣು ತೇವದ ಹವೆಯಲ್ಲಿ ಬೇಗ ಒಣಗುವುದಿಲ್ಲ. ಒಳಗೊಳಗೇ ಹುಳಿಯುತ್ತದೆ, ಬೂಷ್ಟು ಹಿಡಿಯುತ್ತದೆ. ಅಂಥ ಬೀಜವನ್ನು ಹುರಿದಾಗ ಕೊಳೆತ ಹಣ್ಣಿನ, ಕೆಲವೊಮ್ಮೆ ಹಳಸಿದ ಗಿಣ್ಣಿನಂಥ ವಾಸನೆ ಬರುತ್ತದೆ. ಲಿಬೆರಿಕಾಕ್ಕೆ ಒರಟು ಎಂಬ ಹೆಸರು ಅಂಟಿಕೊಂಡದ್ದರಲ್ಲಿ ಮರದ ಗುಣದಷ್ಟೇ ಪಾಲು ಈ ಕೆಟ್ಟ ಒಣಗಿಸುವಿಕೆಗೂ ಇದೆ ಎನ್ನಬೇಕು.

ಇಷ್ಟರ ಮೇಲೆ ತುಕ್ಕು ರೋಗವೂ ಮರದ ಮೇಲೆ ಕೈಯಿಟ್ಟಿತು. ತಗ್ಗುನೆಲದ ಸೆಕೆ ತೇವಗಳಲ್ಲಿ ಶಿಲೀಂಧ್ರ ಲಿಬೆರಿಕಾದ ಎಲೆಗೂ ಹೊಂದಿಕೊಂಡಿತು. ಸಿಲೋನ್ ಚಹಾದತ್ತ ಹೊರಳಿತು. ಮಲಯಾದಲ್ಲಿ 1890ರ ದಶಕದ ಕೊನೆಗೆ ಕಾಫಿ ಬೆಲೆ ಕುಸಿದಾಗ ದೊಡ್ಡ ತೋಟಗಳು ರಬ್ಬರಿಗೆ ದಾರಿಬಿಟ್ಟವು. ಜಾವಾಕ್ಕೆ 1900ರ ಸುಮಾರಿಗೆ ಬ್ರಸೆಲ್ಸ್‌ನ ಒಂದು ಸಸ್ಯಸಂಸ್ಥೆಯಿಂದ ಕಾಂಗೋ ಮೂಲದ ರೋಬಸ್ಟಾ ಸಸಿಗಳು ಬಂದವು. ತುಕ್ಕನ್ನು ತಡೆಯುವ, ಬೇಗ ಫಸಲಿಗೆ ಬರುವ, ಹಣ್ಣಿಗೆ ಹೆಚ್ಚು ಬೀಜ ಕೊಡುವ ಆ ಗಿಡದ ಮುಂದೆ ಲಿಬೆರಿಕಾಕ್ಕೆ ಹೇಳಿಕೊಳ್ಳಲು ಏನೂ ಉಳಿಯಲಿಲ್ಲ.

ಎಕ್ಸೆಲ್ಸಾ ರಂಗಕ್ಕೆ ಬಂದದ್ದು ಈ ಸೋಲಿನ ಹೊತ್ತಿನಲ್ಲಿ. ಫ್ರೆಂಚ್ ಸಸ್ಯಶಾಸ್ತ್ರಜ್ಞ ಒಗಸ್ಟ್ ಶೆವಾಲಿಯೇ 20ನೇ ಶತಮಾನದ ಆರಂಭದಲ್ಲಿ ಮಧ್ಯ ಆಫ್ರಿಕದ ಶಾರಿ ನದಿ ಸೀಮೆಯ ಪ್ರವಾಸದಲ್ಲಿ ಈ ಎತ್ತರದ ಕಾಫಿಯನ್ನು ಕಂಡು ಅದನ್ನು ಹೊಸ ಪ್ರಭೇದವೆಂದು ವಿವರಿಸಿದರು. ಕಾಂಗೋದಿಂದ ತಂದ ಮಾದರಿಗೆ ಬೆಲ್ಜಿಯಂನ ವಿದ್ವಾಂಸರು ಅದಕ್ಕೂ ಮೊದಲೇ ಕಾಫಿಯಾ ಡೆವೆವ್ರೈ ಎಂದು ಹೆಸರಿಟ್ಟಿದ್ದರು. ಎರಡೂ ಒಂದೇ ಕಾಫಿ. ಮಧ್ಯ ಆಫ್ರಿಕದಲ್ಲಿ ಅದರ ತೋಟಗಳು ಹಬ್ಬುವಷ್ಟರಲ್ಲಿ, 1927ರಲ್ಲಿ, ಈಗಿನ ಮಧ್ಯ ಆಫ್ರಿಕ ಗಣರಾಜ್ಯದ ಎಕ್ಸೆಲ್ಸಾ ಮರಗಳಲ್ಲೇ ಒಂದು ಸೊರಗು ರೋಗ ಮೊದಲ ಬಾರಿಗೆ ಗಮನಕ್ಕೆ ಬಂತು. ಫ್ಯುಸೇರಿಯಂ ಜಾತಿಯ ಶಿಲೀಂಧ್ರ ನೀರು ಹರಿಯುವ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಬಾಡಿ, ಒಣಗಿ, ಮರ ನಿಂತಲ್ಲೇ ಸಾಯುತ್ತದೆ. ತೊಗಟೆ ಕೆರೆದು ನೋಡಿದರೆ ಒಳಗಿನ ಕಟ್ಟಿಗೆ ನೀಲಿಗಪ್ಪಾಗಿರುವುದೇ ಅದರ ಗುರುತು. ತುಕ್ಕು ಅರೇಬಿಕಾಗೆ ಮಾಡಿದ್ದನ್ನು ಈ ರೋಗ ಎಕ್ಸೆಲ್ಸಾಗೆ ಅದರ ತವರಿನಲ್ಲೇ ಮಾಡಿತು.

ಬಳಿಕ ಅದರ ಹೆಸರೂ ಕರಗಿತು. ಸಸ್ಯಶಾಸ್ತ್ರಜ್ಞರು ಎಕ್ಸೆಲ್ಸಾವನ್ನು ಲಿಬೆರಿಕಾದ ಒಂದು ಬಗೆಯೆಂದು ಸೇರಿಸಿಬಿಟ್ಟರು. 2006ರ ವರ್ಗೀಕರಣವೂ ಅದನ್ನೇ ಎತ್ತಿಹಿಡಿಯಿತು. ಕ್ಯೂ ಉದ್ಯಾನದ ಆರನ್ ಡೇವಿಸ್ ಮತ್ತು ಸಹೋದ್ಯೋಗಿಗಳು 2025ರಲ್ಲಿ ಪ್ರಕಟಿಸಿದ ವಂಶವಾಹಿ ಅಧ್ಯಯನ ಇದನ್ನು ತಿದ್ದಿ ಲಿಬೆರಿಕಾ, ಎಕ್ಸೆಲ್ಸಾ, ಮತ್ತು ಗ್ಯಾಬನ್ ಕಡೆಯ ಕ್ಲೈನೈ ಎಂಬ ಮೂರು ಪ್ರಭೇದಗಳನ್ನು ಬೇರ್ಪಡಿಸಿತು. ಬೆಳೆಗಾರನಿಗೆ ಇದು ಬರಿಯ ಹೆಸರಿನ ಜಗಳವಲ್ಲ. ಎಕ್ಸೆಲ್ಸಾದ ಹಣ್ಣು ಚಿಕ್ಕದು, ತಿರುಳು ತೆಳು, ಬೀಜ ಅರೇಬಿಕಾ ಬೀಜದ ಗಾತ್ರಕ್ಕೆ ಹತ್ತಿರ. ಲಿಬೆರಿಕಾವನ್ನು ಸೋಲಿಸಿದ ದಪ್ಪ ತಿರುಳಿನ ತೊಂದರೆ ಇದಕ್ಕೆ ಅಷ್ಟಿಲ್ಲ. ಎರಡನ್ನೂ ಒಂದೆಂದು ಎಣಿಸಿದ ದಶಕಗಳಲ್ಲಿ ಒಂದರ ಅಪಖ್ಯಾತಿಯನ್ನು ಇನ್ನೊಂದೂ ಹೊತ್ತಿತು.

ರುಚಿಯಲ್ಲಿ ಅರೇಬಿಕಾ ತಿಳಿಯಾದ ಹುಳಿ, ಸಿಹಿ ಮತ್ತು ಪರಿಮಳಗಳ ಕಾಫಿ. ರೋಬಸ್ಟಾದಲ್ಲಿ ಕಹಿಯೂ ಮಂದತನವೂ ಮುಂದು. ಕೆಫೀನ್ ಅರೇಬಿಕಾದಲ್ಲಿ ಬೀಜದ ತೂಕದ ಸುಮಾರು 1.2 ಪ್ರತಿಶತವಾದರೆ ರೋಬಸ್ಟಾದಲ್ಲಿ ಎರಡು ಪ್ರತಿಶತಕ್ಕೂ ಹೆಚ್ಚು. ಚಿಕೋರಿ ಬೆರೆಸಿದ ಫಿಲ್ಟರ್ ಕಾಫಿಯ ಗಟ್ಟಿ ಡಿಕಾಕ್ಷನ್ನಿಗೆ ರೋಬಸ್ಟಾ ಒದಗಿಬರುವುದು ಆ ಮಂದತನದಿಂದ. ಲಿಬೆರಿಕಾ, ಎಕ್ಸೆಲ್ಸಾಗಳ ಕೆಫೀನ್ ರೋಬಸ್ಟಾಕ್ಕಿಂತ ಅರೇಬಿಕಾದ ಕಡೆಗೇ ಇದೆ. ಚೆನ್ನಾಗಿ ಸಂಸ್ಕರಿಸಿದ ಲಿಬೆರಿಕಾದಲ್ಲಿ ಮಾಗಿದ ಹಲಸಿನ ತೊಳೆಯ ಘಮ, ತುಂಬು ಸಿಹಿ ಇರುತ್ತವೆ. ಮಲೇಷ್ಯಾದವರು ಅದನ್ನು ಗುರುತಿಸುವುದು ಆ ಹಲಸಿನ ವಾಸನೆಯಿಂದಲೇ. ಬೀಜ ದೊಡ್ಡದು, ಒಂದೇ ಅಳತೆಯದಲ್ಲ. ಆದ್ದರಿಂದ ಅವಸರದ ಉರಿಯಲ್ಲಿ ಹುರಿದರೆ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಎಕ್ಸೆಲ್ಸಾ ಅಷ್ಟು ಬಿರುಸಲ್ಲ: ಹಣ್ಣಿನ ಹುಳಿ, ಕೋಕೋದ ನೆನಪು ತರುವ ಮೃದು ರುಚಿ, ಕಹಿ ಕಡಿಮೆ.

ಲೋಕದ ಕಾಫಿಯಲ್ಲಿ ಅರ್ಧಕ್ಕಿಂತ ಹೆಚ್ಚು ಅರೇಬಿಕಾ. ಉಳಿದದ್ದು ಹೆಚ್ಚುಕಡಿಮೆ ಎಲ್ಲವೂ ರೋಬಸ್ಟಾ. ಲಿಬೆರಿಕಾ ಗಟ್ಟಿಯಾಗಿ ಉಳಿದಿರುವುದು ಕುಡಿಯುವವರ ನಾಲಿಗೆಗೆ ಅದು ಒಗ್ಗಿಹೋದ ಕಡೆ: ಮಲೇಷ್ಯಾದ ಜೊಹೋರ್, ಫಿಲಿಪೀನ್ಸಿನ ಬಟಾಂಗಾಸ್ ಪ್ರಾಂತ್ಯ, ಇಂಡೋನೇಷ್ಯಾದ ಜಾಂಬಿಯ ಜೌಗುನೆಲ. ಬಟಾಂಗಾಸಿನ ಬರಾಕೋ ಕಾಫಿ ಇದೇ. ಎಕ್ಸೆಲ್ಸಾ ವಿಯೆಟ್ನಾಂ, ಉಗಾಂಡಾ, ದಕ್ಷಿಣ ಸುಡಾನ್ ಮತ್ತು ಭಾರತದಲ್ಲಿ ಅಲ್ಪಸ್ವಲ್ಪ ಇದೆ. ವಿಯೆಟ್ನಾಮಿನಲ್ಲಿ ಅದರ ಹೆಸರಿನ ಅರ್ಥವೇ ಹಲಸಿನ ಕಾಫಿ.

ಕರ್ನಾಟಕದಲ್ಲಿ ಲಿಬೆರಿಕಾ ಹೆಚ್ಚು ಬಾಳಿರುವುದು ಲೋಟದಲ್ಲಲ್ಲ, ಅರೇಬಿಕಾ ಗಿಡದ ಒಳಗೆ. ಅರೇಬಿಕಾ ಮತ್ತು ಲಿಬೆರಿಕಾ ತಾವಾಗಿಯೇ ಕೂಡಿ ಹುಟ್ಟಿದ ಒಂದು ಗಿಡವನ್ನು ಎಸ್.26 ಎಂದು ಗುರುತಿಸಲಾಯಿತು. 44 ಮತ್ತು 22 ವರ್ಣತಂತುಗಳ ಗಿಡಗಳ ಮಿಲನದಿಂದ ಫಲ ಕಟ್ಟುವ ಸಂತಾನ ಸಿಗುವುದು ಅಪರೂಪ. ಎಸ್.26ರ ಸಂತತಿಯಿಂದ ಆಯ್ದ ಎಸ್.288 ತುಕ್ಕಿನ ಆಗಿನ ಬಗೆಗಳನ್ನು ತಡೆಯಿತು. ಆದರೆ ಲಿಬೆರಿಕಾದ ರಕ್ತ ಅದರ ಬೀಜದಲ್ಲಿ ಕಾಣುತ್ತಿತ್ತು, ಬೀಜದ ರೂಪ ಸಮವಾಗಿರಲಿಲ್ಲ. ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಅದನ್ನು ಒಳ್ಳೆಯ ಬೀಜದ ಕೆಂಟ್ಸ್ ಅರೇಬಿಕಾದೊಂದಿಗೆ ಸೇರಿಸಿ 1940ರ ದಶಕದಲ್ಲಿ ಎಸ್.795 ತಳಿಯನ್ನು ಕೊಟ್ಟಿತು. ಚಿಕ್ಕಮಗಳೂರು, ಕೊಡಗು, ಹಾಸನಗಳ ಅರೇಬಿಕಾ ತೋಟಗಳಲ್ಲಿ ಅದು ದಶಕಗಟ್ಟಲೆ ಮುಖ್ಯ ತಳಿಯಾಯಿತು, ಇಂಡೋನೇಷ್ಯಾಕ್ಕೂ ಹೋಯಿತು. ಅದರ ತುಕ್ಕುತಡೆಗೆ ಕಾರಣವಾದ ವಂಶವಾಹಿಗೆ ತಜ್ಞರು ಎಸ್‌ಎಚ್‌3 ಎಂದು ಹೆಸರಿಟ್ಟಿದ್ದಾರೆ, ಮತ್ತು ಅದು ಅರೇಬಿಕಾದೊಳಗೆ ಬಂದದ್ದು ಲಿಬೆರಿಕಾದಿಂದ. ಆ ತಡೆಯನ್ನೂ ಮೀರಿದ ತುಕ್ಕಿನ ಬಗೆಗಳು ಮುಂದೆ ತಲೆಯೆತ್ತಿದವು. ಈಗ ಎಸ್.795 ತೋಟಕ್ಕೂ ಮುಂಗಾರಿನ ಮೊದಲು ಮತ್ತು ನಂತರ ಬೋರ್ಡೊ ದ್ರಾವಣ ಸಿಂಪಡಿಸಬೇಕಾಗುತ್ತದೆ.