ಒಂದು ಪದದ ಮೂರು ಪಾಠಗಳು: ಹಳೆಯ ಗಣಕ ಕಡತಗಳ ಸಂಕೇತ ನಿರ್ಣಯ

ಕಳೆದ ಶತಮಾನದ ಕೊನೆಯ ದಶಕದಲ್ಲಿಯೂ ಈ ಶತಮಾನದ ಆರಂಭದಲ್ಲಿಯೂ ಬೆರಳಚ್ಚಾದ ಕನ್ನಡ ಪಠ್ಯಗಳು ಇಂದು ಗ್ರಂಥಭಂಡಾರಗಳ ಸಂಗ್ರಹಕ್ಕೆ ಬರಿಯ ಪಠ್ಯ ಕಡತಗಳಾಗಿ ಬಂದು ಸೇರುತ್ತಿವೆ. ಇಂತಹ ಕಡತದಲ್ಲಿ ವಸ್ತುತಃ ಅಕ್ಷರಗಳಿರುವುದಿಲ್ಲ. 0ಯಿಂದ 255ರವರೆಗಿನ ಸಂಖ್ಯೆಗಳ, ಅಂದರೆ ಬೈಟುಗಳ, ಸಾಲು ಮಾತ್ರ ಇರುತ್ತದೆ. ಯಾವ ಸಂಖ್ಯೆ ಯಾವ ಅಕ್ಷರವನ್ನು ಸೂಚಿಸುತ್ತದೆ ಎಂಬ ಮಾಹಿತಿ ಸಾಮಾನ್ಯವಾಗಿ ಕಡತದೊಳಗೆ ಇರುವುದಿಲ್ಲ. ಲಿಪಿಕಾರನ ಹೆಸರೂ ಕಾಲವೂ ಇಲ್ಲದ ಓಲೆಯ ಪ್ರತಿಯನ್ನು ಅಂತರಂಗ ಸಾಕ್ಷ್ಯದಿಂದ ಗುರುತಿಸುವಂತೆ ಇಲ್ಲಿಯೂ ಗುರುತಿಸಬೇಕಾಗುತ್ತದೆ. ಆ ನಿರ್ಣಯದ ಕ್ರಮವನ್ನೂ, ಬಳಿಕ ಪಠ್ಯವನ್ನು ಯುಟಿಎಫ್-8ಕ್ಕೆ ತರುವಾಗ ಒದಗುವ ಪಾಠನಷ್ಟವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಕನ್ನಡದ ಮಟ್ಟಿಗೆ ಮುಖ್ಯವಾಗಿ ಮೂರು ಪರಂಪರೆಗಳನ್ನು ಗಮನಿಸಬೇಕು. ಮೊದಲನೆಯದು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿದ ಇಸ್ಕಿ. ಇದರಲ್ಲಿ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಪಟ್ಟಿ ಇದೆ. ಪ್ರತಿಯೊಂದು ವರ್ಣಕ್ಕೆ ಒಂದು ಬೈಟು. ಎರಡನೆಯದು ನುಡಿ, ಬರಹ ಮೊದಲಾದ ತಂತ್ರಾಂಶಗಳೊಡನೆ ಹರಡಿದ ಫಾಂಟು ಸಂಕೇತ. ಇಲ್ಲಿ ಬೈಟು ವರ್ಣವನ್ನಲ್ಲ, ಅಕ್ಷರದ ಆಕಾರದ ಒಂದು ತುಂಡನ್ನು ಸೂಚಿಸುತ್ತದೆ. ಮೂರನೆಯದು ಯೂನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಪ್ರಕಟವಾಯಿತು. ಅದನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಎಂಬ ಕ್ರಮವನ್ನು 1992ರಲ್ಲಿ ಬೆಲ್ ಪ್ರಯೋಗಾಲಯದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದರು.

‘ಕನ್ನಡ’ ಎಂಬ ಒಂದೇ ಪದವು ಈ ಮೂರು ಪರಂಪರೆಗಳಲ್ಲಿ ಹೀಗೆ ದೊರೆಯುತ್ತದೆ. ಸಂಖ್ಯೆಗಳನ್ನು ಹದಿನಾರರ ಮಾನದಲ್ಲಿ ಕೊಟ್ಟಿದೆ. `xxd` ಎಂಬ ಆದೇಶವು ಅವನ್ನು ಪರದೆಯ ಮೇಲೆ ತೋರಿಸುತ್ತದೆ.

```
ISCII : B3 C6 E8 C6 BF
Nudi  : 50 C0 A3 C0 DF 71 C0
UTF-8 : E0 B2 95 E0 B2 A8 E0 B3 8D E0 B2 A8 E0 B2 A1
```

ಮೊದಲು ಪರೀಕ್ಷಿಸಬೇಕಾದುದು ಯುಟಿಎಫ್-8. ಅದರ ರಚನೆಯಲ್ಲಿಯೇ ತಪ್ಪನ್ನು ಗುರುತಿಸುವ ಗುಣವಿದೆ. ಪ್ರತಿಯೊಂದು ಕನ್ನಡ ವರ್ಣವೂ ಮೂರು ಬೈಟುಗಳ ಗುಂಪು. ಮೊದಲನೆಯದು `E0`, ಎರಡನೆಯದು `B2` ಅಥವಾ `B3`, ಮೂರನೆಯದು `80`ರಿಂದ `BF`ರೊಳಗಿನದು. `80`ರಿಂದ `BF`ವರೆಗಿನ ಬೈಟು ಎಂದೂ ಗುಂಪಿನ ಆದಿಯಲ್ಲಿ ಬಾರದು. ಮೇಲಿನ ಇಸ್ಕಿ ಪಾಠ `B3`ರಿಂದಲೇ ಆರಂಭವಾಗುವುದರಿಂದ ಅದು ಯುಟಿಎಫ್-8 ಆಗಲಾರದು. ನುಡಿ ಪಾಠದಲ್ಲಿ ಮೂರು ಬಾರಿ ಬಂದಿರುವ `C0` ಯುಟಿಎಫ್-8ರಲ್ಲಿ ಎಲ್ಲಿಯೂ ಬರುವಂತಿಲ್ಲ. ಅನ್ಯ ಸಂಕೇತದ ದೀರ್ಘ ಕನ್ನಡ ಪಠ್ಯವೊಂದು ಈ ನಿಯಮವನ್ನು ಆಕಸ್ಮಿಕವಾಗಿ ಪಾಲಿಸುವುದು ಅಸಂಭವವೆನ್ನಬಹುದು. ಪರೀಕ್ಷೆಗೆ ಈ ಆದೇಶ ಸಾಕು. ನಿಯಮ ಮುರಿದೆಡೆ ಅದು ನಿಂತು ದೋಷವನ್ನು ತಿಳಿಸುತ್ತದೆ.

```
iconv -f UTF-8 -t UTF-8 mula.txt > /dev/null
```

ಕಡತವು ಈ ಪರೀಕ್ಷೆಯಲ್ಲಿ ಸೋತರೆ ಉಳಿದ ಎರಡು ಪರಂಪರೆಗಳ ನಡುವೆ ನಿರ್ಣಯಿಸಬೇಕು. ಇಲ್ಲಿ ನಿಷೇಧದ ನಿಯಮ ದೊರೆಯದು, ಬಾಹುಳ್ಯವೇ ಸಾಕ್ಷಿ. ನುಡಿ ಪಠ್ಯದಲ್ಲಿ `C0` ತಲೆಕಟ್ಟಿನ ಸಂಕೇತವಾದ್ದರಿಂದ ಅದು ಹೆಜ್ಜೆಹೆಜ್ಜೆಗೂ ಬರುತ್ತದೆ. ಅದರ ನಡುವೆ ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೂ ಬೆರೆತಿರುತ್ತವೆ. ಕನ್ನಡ ಫಾಂಟು ಇಲ್ಲದ ಗಣಕದಲ್ಲಿ ಅದು `PÀ£ÀßqÀ` ಎಂದು ಕಾಣುತ್ತದೆ. ಇಸ್ಕಿಯಲ್ಲಿ `C0` ಎಂದರೆ ಢಕಾರ. ಪುಟವೊಂದರಲ್ಲಿ ನೂರಾರು ಢಕಾರಗಳಿರುವ ಕನ್ನಡ ಗದ್ಯವಿಲ್ಲ. ನಿಜವಾದ ಇಸ್ಕಿಯಲ್ಲಾದರೋ ಕನ್ನಡ ವರ್ಣಗಳೆಲ್ಲ `A1`ರ ಮೇಲಿರುತ್ತವೆ. ಸ್ವರಚಿಹ್ನೆಯೂ ವಿರಾಮದ `E8` ಕೂಡ ವ್ಯಂಜನದ ಬಳಿಕವೇ ಬರುತ್ತವೆ. ಈ ಅಕ್ಷರರಚನೆಯ ನಿಯಮ ಬಹುಪಾಲು ನಿಂತರೆ ಇಸ್ಕಿಯೆಂದು ಹೇಳಬಹುದು.

ನಿರ್ಣಯದ ಬಳಿಕ ಪರಿವರ್ತನೆ. ಇಸ್ಕಿಯಲ್ಲಿ ವರ್ಣಗಳು ಉಚ್ಚಾರಣೆಯ ಕ್ರಮದಲ್ಲಿ ಇರುವುದರಿಂದ ಕೆಲಸ ಸುಲಭ. ನುಡಿಯಲ್ಲಿ ಹಾಗಲ್ಲ. ‘ಕರ್ನಾಟಕ’ ಎಂಬುದು ಅಲ್ಲಿ `PÀ£ÁðlPÀ` ಎಂದಿರುತ್ತದೆ. ಅರ್ಕಾವತ್ತಿನ ಸಂಕೇತವಾದ `ð`, ಬರೆಹದ ಆಕಾರವನ್ನು ಅನುಸರಿಸಿ, ನಾ ಎಂಬುದರ ನಂತರ ಬಂದಿದೆ. ಯೂನಿಕೋಡ್ ಕ್ರಮದಲ್ಲಿ ರಕಾರವೂ ವಿರಾಮವೂ ನಕಾರಕ್ಕಿಂತ ಮೊದಲು ಬರಬೇಕು. ಈ ಸ್ಥಾನಪಲ್ಲಟವನ್ನು ಮಾಡದೆ ಒಂದಕ್ಕೊಂದು ಬದಲಿಯಿಡುವ ಪರಿವರ್ತಕವು ‘ಕನಾರ್ಟಕ’ ಎಂದು ಬರೆಯುತ್ತದೆ. ಈ ರೂಪವೊಂದು ಕಂಡರೆ ಆ ಕಡತದ ಅರ್ಕಾವತ್ತುಗಳೆಲ್ಲ ಶಂಕಾಸ್ಪದವೆಂದು ತಿಳಿಯಬೇಕು. ಬೈಟುಗಳ ದೃಷ್ಟಿಯಿಂದ ಆ ಕಡತ ನಿರ್ದುಷ್ಟವಾದ ಯುಟಿಎಫ್-8. ಯಂತ್ರದ ಪರೀಕ್ಷೆ ಈ ದೋಷವನ್ನು ಹಿಡಿಯದು.

ಇದಕ್ಕಿಂತ ಗಂಭೀರವಾದುದು ತಪ್ಪು ಊಹೆಯಿಂದ ಆಗುವ ನಷ್ಟ. ಯುಟಿಎಫ್-8 ಕಡತವನ್ನು ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ರೂಪಿಸಿದ ವಿಂಡೋಸ್-1252 ಎಂದು ಭಾವಿಸಿ ಓದಿದರೆ ‘ಕ’ ಎಂಬುದು `à²•` ಎಂದು ಕಾಣುತ್ತದೆ. ಇದು ವಿರೂಪ ಮಾತ್ರ, ಹಿಂದಿರುಗಿಸಬಹುದು. ಆದರೆ ಆ ಪಟ್ಟಿಯಲ್ಲಿ `81`, `8D`, `8F`, `90`, `9D` ಎಂಬ ಐದು ಸ್ಥಾನಗಳು ಖಾಲಿ. ಕನ್ನಡದ ಉಕಾರಚಿಹ್ನೆ `E0 B3 81`, ವಿರಾಮಚಿಹ್ನೆ `E0 B3 8D`. ಖಾಲಿ ಸ್ಥಾನದ ಬೈಟನ್ನು ಪ್ರಶ್ನಾರ್ಥಕದಿಂದ ಬದಲಿಸುವ ತಂತ್ರಾಂಶದ ಕೈಯಲ್ಲಿ ಎರಡೂ `E0 B3 ?` ಆಗಿಬಿಡುತ್ತವೆ. ಆ ಕಡತವನ್ನು ಉಳಿಸಿಟ್ಟ ಮೇಲೆ ಅಲ್ಲಿದ್ದುದು ಉಕಾರವೋ ವಿರಾಮವೋ ಬೈಟುಗಳಿಂದ ಹೇಳಲಾಗದು. ‘ಅವನು’, ‘ಅವನ್’ ಎಂಬ ರೂಪಗಳ ಅಂತರದಿಂದ ಹಳಗನ್ನಡ, ನಡುಗನ್ನಡಗಳನ್ನು ಬೇರ್ಪಡಿಸಬೇಕಾದ ಸಂಪಾದಕನಿಗೆ ಇದು ತುಂಬಲಾರದ ನಷ್ಟ.

ಆದಕಾರಣ ಪರಿವರ್ತನೆಯ ವಿಧಾನ ಹೀಗಿರತಕ್ಕದ್ದು. ಬಂದ ಕಡತವನ್ನು ಪಠ್ಯ ಸಂಪಾದಕ ತಂತ್ರಾಂಶದಲ್ಲಿ ತೆರೆದು ಮತ್ತೆ ಉಳಿಸದೆ, ಇದ್ದಂತೆಯೇ ಒಂದು ಪ್ರತಿಯಾಗಿ ಕಾಯ್ದಿಡಬೇಕು. ಪರಿವರ್ತಿತ ಪಾಠವನ್ನು ಬೇರೆ ಹೆಸರಿನ ಕಡತಕ್ಕೆ ಬರೆಯಬೇಕು. ಅರಿಯದ ಬೈಟು ಬಂದೆಡೆ ಅದನ್ನು ಬಿಡುವ ಅಥವಾ ಬದಲಿಸುವ ಆಯ್ಕೆಯನ್ನು ಬಳಸದೆ, ಪರಿವರ್ತಕವನ್ನು ಅಲ್ಲಿಯೇ ನಿಲ್ಲುವಂತೆ ಇಡಬೇಕು. ಮುಗಿದ ಬಳಿಕ `EF BF BD` ಎಂಬ ಮೂರು ಬೈಟುಗಳನ್ನು ಹುಡುಕಬೇಕು. ಓದಲಾಗದ ಬೈಟನ್ನು ಕಳೆದು ಅದರ ಸ್ಥಾನದಲ್ಲಿ ಇಡುವ ಗುರುತು ಅದು. ಕಡೆಗೆ ಹೊಸ ಪಾಠವನ್ನು ಹಳೆಯ ಸಂಕೇತಕ್ಕೆ ಹಿಂದಿರುಗಿಸಿ ಮೂಲದೊಡನೆ ಹೋಲಿಸಿ, ವ್ಯತ್ಯಾಸ ಬಂದ ಪ್ರತಿಯೊಂದು ಸ್ಥಳಕ್ಕೂ ಕಾರಣ ಕಂಡುಕೊಳ್ಳಬೇಕು.

ಈ ವಿಧಾನಕ್ಕೂ ಮಿತಿಯುಂಟು. ಎರಡು ಮೂರು ಸಾಲಿನ ಕಡತದಲ್ಲಿ ಬಾಹುಳ್ಯದ ಸಾಕ್ಷ್ಯ ಸಾಲದು. ಇಸ್ಕಿಯಲ್ಲಿ `B3` ಕನ್ನಡದಲ್ಲಿಯೂ ತೆಲುಗು, ದೇವನಾಗರಿಗಳಲ್ಲಿಯೂ ಕಕಾರವೇ. ಲಿಪಿಯನ್ನು ಸೂಚಿಸುವ `EF` ಬೈಟು ಮತ್ತು ಅದರ ಜೊತೆಯ ಲಿಪಿಸಂಖ್ಯೆ ಕಡತದಲ್ಲಿ ಇಲ್ಲದಿದ್ದರೆ ಲಿಪಿಯನ್ನು ನಿರ್ಣಯಿಸುವುದು ಭಾಷೆಯನ್ನು ಓದಬಲ್ಲವರ ಕೆಲಸ. ಹೈದರಾಬಾದು, ಪುಣೆಗಳ ದ್ವಿಭಾಷಾ ಸಂಗ್ರಹಗಳಲ್ಲಿ ದುಡಿಯುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಸಂಪಾದಿತ ಕೃತಿಯ ಪೀಠಿಕೆಯಲ್ಲಿ ಆಧಾರ ಪ್ರತಿಗಳನ್ನು ಹೇಳುವಂತೆ, ಕಡತವನ್ನು ಯಾವ ಸಂಕೇತವೆಂದು, ಯಾವ ಸಾಕ್ಷ್ಯದ ಮೇಲೆ ನಿರ್ಣಯಿಸಲಾಯಿತು ಎಂಬುದನ್ನೂ ದಾಖಲಿಸುವುದು ಉಚಿತ. ಮೂಲ ಪ್ರತಿಯೂ ಈ ದಾಖಲೆಯೂ ಉಳಿದಿದ್ದರೆ ನಿರ್ಣಯ ತಪ್ಪೆಂದು ಮುಂದೆ ತಿಳಿದಾಗಲೂ ಪಾಠವನ್ನು ಮತ್ತೆ ಪಡೆಯಬಹುದು.